ಟೇಬಲ್ ಎಷ್ಟು ಹೇಳುತ್ತದೋ ಉಪಸಂಹಾರ ಅಷ್ಟೇ: ಒಂದು ಮೆಣಸಿನಕಾಯಿ ಪ್ರಬಂಧದ ಕೊನೆಯ ಅಧ್ಯಾಯ

ಪ್ರಶ್ನೆ: ನಾನು ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಹಾವೇರಿ ಜಿಲ್ಲೆಯ ಮೆಣಸಿನಕಾಯಿ ಬೆಳೆಗಾರರ ಮೇಲೆ ರೈತ ಉತ್ಪಾದಕ ಕಂಪನಿಗಳ ಪರಿಣಾಮ ನನ್ನ ವಿಷಯ. ಬ್ಯಾಡಗಿ, ಹಿರೇಕೆರೂರು ತಾಲೂಕುಗಳಲ್ಲಿ ಎರಡು ಕಂಪನಿಗಳ 60 ಸದಸ್ಯರು, ಅದೇ ಊರುಗಳ ಸದಸ್ಯರಲ್ಲದ 60 ರೈತರು, ಒಟ್ಟು 120 ಜನರನ್ನು ಒಂದೇ ಹಂಗಾಮಿನಲ್ಲಿ ಮಾತಾಡಿಸಿದ್ದೇನೆ. ಸದಸ್ಯರಿಗೆ ಕ್ವಿಂಟಲ್‌ಗೆ ಸರಾಸರಿ 22,920 ರೂಪಾಯಿ, ಉಳಿದವರಿಗೆ 20,875 ರೂಪಾಯಿ ಸಿಕ್ಕಿದೆ. ಟಿ-ಟೆಸ್ಟ್‌ನಲ್ಲಿ ವ್ಯತ್ಯಾಸ ಸಿಗ್ನಿಫಿಕಂಟ್ ಬಂದಿದೆ. ‘ಕಂಪನಿ ಸೇರಿದರೆ ರೈತರ ಆದಾಯ ಹೆಚ್ಚುತ್ತದೆ’ ಅಂತ ಉಪಸಂಹಾರ ಬರೆದು 14 ಶಿಫಾರಸು ಕೊಟ್ಟಿದ್ದೆ. ಗೈಡ್ ‘ಇದನ್ನ ನಿನ್ನ ಡೇಟಾ ಹೇಳೂದಿಲ್ಲ’ ಅಂತ ವಾಪಸ್ ಕೊಟ್ಟರು. ಎಲ್ಲ ಕಡೆ ‘ಬಹುದು’ ಸೇರಿಸಿದರೆ ಸಾಕಾ? ಶಿಫಾರಸು ಕಡಿಮೆ ಮಾಡಿದರೆ ಪ್ರಬಂಧ ತೆಳ್ಳಗಾಗುವುದಿಲ್ಲವಾ? ನಾಲ್ಕನೇ ಅಧ್ಯಾಯದ ಟೇಬಲ್‌ಗಳನ್ನೂ ಐದನೇ ಅಧ್ಯಾಯದ ಕರಡನ್ನೂ ಜೊತೆಗೆ ಇಟ್ಟಿದ್ದೇನೆ.

ಉತ್ತರ: ‘ಬಹುದು’ ಸೇರಿಸಿದರೆ ಸಾಲದು. ‘ಕಂಪನಿ ಸೇರಿದರೆ ಆದಾಯ ಹೆಚ್ಚಬಹುದು’ ಎಂದು ತಿದ್ದಿದರೂ ಆ ವಾಕ್ಯದ ಎರಡು ತೊಂದರೆಗಳು ಹಾಗೇ ಉಳಿಯುತ್ತವೆ. ನೀವು ಅಳೆದದ್ದು ಮಾರಾಟದ ದರ, ಬರೆದದ್ದು ಆದಾಯ. ನೀವು ಕಂಡದ್ದು ಎರಡು ಗುಂಪುಗಳ ನಡುವಿನ ವ್ಯತ್ಯಾಸ, ಬರೆದದ್ದು ಆ ವ್ಯತ್ಯಾಸದ ಕಾರಣ. ದನಿ ಮೆತ್ತಗಾದ ಮಾತ್ರಕ್ಕೆ ಹೇಳಿಕೆ ಬದಲಾಗುವುದಿಲ್ಲ. ಪರೀಕ್ಷಕರು ಹಿಡಿಯುವುದು ಹೇಳಿಕೆಯನ್ನೇ.

ದರದ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ನಿಮ್ಮ ಪ್ರಶ್ನಾವಳಿಯಲ್ಲಿ ಕೋಲ್ಡ್ ಸ್ಟೋರೇಜ್ ಬಾಡಿಗೆ, ಹಮಾಲಿ, ಸಾಗಾಟ, ಸಾಲದ ಬಡ್ಡಿ ಯಾವುದನ್ನೂ ಕೇಳಿಲ್ಲ. ಕ್ವಿಂಟಲ್‌ಗೆ 2,045 ರೂಪಾಯಿ ಹೆಚ್ಚು ಪಡೆದ ರೈತನ ಕೈಗೆ ಖರ್ಚು ಕಳೆದು ಎಷ್ಟು ಉಳಿಯಿತು ಎಂಬುದು ನಿಮಗೆ ಗೊತ್ತಿಲ್ಲ. ಹಾಗಾಗಿ ಐದನೇ ಅಧ್ಯಾಯದಲ್ಲಿ ‘ಆದಾಯ’ ಎಂದಿರುವ ಕಡೆಯೆಲ್ಲ ‘ಮಾರಾಟದ ದರ’ ಎಂದು ಬದಲಿಸಿ. ಕರಡಿನ ಮೊದಲ ಮೂರು ಪುಟಗಳಲ್ಲೇ ಇಂಥ ಏಳು ಕಡೆ ಸಿಗುತ್ತವೆ.

ಕಾರಣದ ವಿಷಯಕ್ಕೆ ಹೆಚ್ಚು ಜಾಗ ಬೇಕು. ಇಷ್ಟು ವ್ಯತ್ಯಾಸ ಬರಿ ಸ್ಯಾಂಪಲ್‌ನ ಅದೃಷ್ಟದಿಂದ ಬರುವ ಸಾಧ್ಯತೆ ಕಡಿಮೆ ಎಂಬುದಷ್ಟೇ ಟಿ-ಟೆಸ್ಟ್ ಕೊಡುವ ಉತ್ತರ. ಅದು ಯಾಕೆ ಬಂತು ಎಂಬುದು ಆ ಟೆಸ್ಟ್‌ನ ಕೆಲಸವಲ್ಲ. ಕಂಪನಿ ಸೇರಿದವರು ಸೇರುವ ಮೊದಲೇ ಬೇರೆ ಥರದ ರೈತರಾಗಿದ್ದರೆ ಪಿ-ವ್ಯಾಲ್ಯೂ ಎಷ್ಟೇ ಸಣ್ಣದಿದ್ದರೂ ಸದಸ್ಯತ್ವದ ಲೆಕ್ಕಕ್ಕೆ ಅದನ್ನು ಬರೆಯಲು ಆಗದು. ಈ ಅನುಮಾನಕ್ಕೆ ಬೇಕಾದ ಸಾಮಗ್ರಿ ನಿಮ್ಮ ನಾಲ್ಕನೇ ಅಧ್ಯಾಯದಲ್ಲೇ ಇದೆ, ಆದರೆ ಬೇರೆ ಬೇರೆ ಟೇಬಲ್‌ಗಳಲ್ಲಿ ಚದುರಿ ಕೂತಿದೆ.

ನಿಮ್ಮ 60 ಸದಸ್ಯರಲ್ಲಿ 42 ಜನ ಮಾಲನ್ನು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ತಡವಾಗಿ ಮಾರಿದ್ದಾರೆ. ಸದಸ್ಯರಲ್ಲದ 60ರಲ್ಲಿ ಹಾಗೆ ಮಾಡಿದವರು 15 ಜನ. ಈಗ ದರವನ್ನು ನಾಲ್ಕು ಗುಂಪಾಗಿ ಒಡೆದು ನೋಡಿ. ಮಾಲು ಇಟ್ಟು ಮಾರಿದ ಸದಸ್ಯರಿಗೆ 24,000, ಇಟ್ಟು ಮಾರಿದ ಸದಸ್ಯರಲ್ಲದವರಿಗೆ 23,500. ಕೊಯ್ಲಾಗಿ ಒಣಗಿಸಿದ ಕೂಡಲೇ ಮಾರಿದ ಸದಸ್ಯರಿಗೆ 20,400, ಹಾಗೇ ಮಾರಿದ ಉಳಿದವರಿಗೆ 20,000. ಒಟ್ಟು ಸರಾಸರಿಯಲ್ಲಿ 2,045 ರೂಪಾಯಿ ಇದ್ದ ಅಂತರ, ಇಟ್ಟು ಮಾರಿದವರನ್ನು ಇಟ್ಟು ಮಾರಿದವರ ಜೊತೆ ಹೋಲಿಸಿದಾಗ 500ಕ್ಕೆ ಇಳಿಯಿತು. ಕೂಡಲೇ ಮಾರಿದವರಲ್ಲಿ 400ಕ್ಕೆ ಇಳಿಯಿತು. ದೊಡ್ಡ ಅಂತರ ಇರುವುದು ಇಟ್ಟು ಮಾರಿದವರಿಗೂ ಕೂಡಲೇ ಮಾರಿದವರಿಗೂ ನಡುವೆ, ಎರಡೂ ಕಡೆ ಸುಮಾರು ಮೂರೂವರೆ ಸಾವಿರ. ಸದಸ್ಯರ ಸರಾಸರಿ ಮೇಲೇರಿದ್ದರಲ್ಲಿ ಬಹುಪಾಲು, ಅವರಲ್ಲಿ ಇಟ್ಟು ಮಾರುವವರು ಹೆಚ್ಚಿದ್ದುದರ ಫಲ.

ಇದನ್ನು ನೋಡಿದ ಕೂಡಲೇ ‘ಹಾಗಾದರೆ ಕಂಪನಿಯಿಂದ ಏನೂ ಆಗಿಲ್ಲ’ ಎಂದು ಎದುರು ದಿಕ್ಕಿಗೆ ಓಡಬೇಡಿ. ಅದೂ ಅತಿರೇಕವೇ. ಕಂಪನಿಯೇ ತನ್ನ ಸದಸ್ಯರಿಗೆ ಕೋಲ್ಡ್ ಸ್ಟೋರೇಜ್‌ನ ದಾರಿ ತೋರಿಸಿದ್ದರೆ, ಒಟ್ಟಾಗಿ ಲಾರಿ ಮಾಡಿಸಿ ಜಾಗ ಹಿಡಿದುಕೊಟ್ಟಿದ್ದರೆ, ಮಾಲು ಇಡುವುದು ಸದಸ್ಯತ್ವದಿಂದಲೇ ಆದ ಲಾಭ. ಆಗ ಅದನ್ನು ಲೆಕ್ಕದಿಂದ ತೆಗೆದುಹಾಕುವುದು ತಪ್ಪಾಗುತ್ತದೆ. ಸದಸ್ಯರಾಗುವ ಮೊದಲೇ ಮಾಲು ಇಡುತ್ತಿದ್ದವರಾದರೆ ಆ ಲಾಭದ ಹಕ್ಕು ಕಂಪನಿಗಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಇಲ್ಲಿ ತೀರ್ಮಾನಕ. ನಿಮ್ಮ ಪ್ರಶ್ನಾವಳಿಯಲ್ಲಿ ‘ಯಾವ ವರ್ಷದಿಂದ ಕೋಲ್ಡ್ ಸ್ಟೋರೇಜ್ ಬಳಸುತ್ತೀರಿ’, ‘ಯಾವ ವರ್ಷ ಸದಸ್ಯರಾದಿರಿ’ ಎಂಬ ಎರಡೂ ಪ್ರಶ್ನೆಗಳಿವೆ, ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಲ್ಲ. ಇಟ್ಟು ನೋಡಿದರೆ 42ರಲ್ಲಿ 29 ಜನ ಸದಸ್ಯರಾಗುವ ಮೊದಲಿಂದಲೂ ಮಾಲು ಇಡುತ್ತಿದ್ದರು. ಉಳಿದ 13 ಜನರಲ್ಲಿ ಕಂಪನಿಯ ಪಾತ್ರ ಇದ್ದಿರುವ ಸಾಧ್ಯತೆ ಇದೆ. ಆದರೆ ಆಮೇಲೆ ಆದದ್ದೆಲ್ಲ ಅದರಿಂದಲೇ ಆಯಿತು ಎನ್ನಲು ಬರುವುದಿಲ್ಲ, ಹಾಗಾಗಿ ಈ 13 ಜನರ ವಿಷಯದಲ್ಲೂ ‘ಸಾಧ್ಯತೆ’ಗೇ ನಿಲ್ಲಬೇಕು.

ಇನ್ನೊಂದು ಮಾತು. ಬ್ಯಾಡಗಿ ಯಾರ್ಡ್‌ನಲ್ಲಿ ಒಂದೇ ದಿನ ಒಂದು ಲಾಟ್‌ಗೂ ಪಕ್ಕದ ಲಾಟ್‌ಗೂ ದರ ಬಹಳ ವ್ಯತ್ಯಾಸವಾಗುತ್ತದೆ. ಬಣ್ಣ, ತೇವ, ತಳಿ ಕಡ್ಡಿಯೋ ಡಬ್ಬಿಯೋ ಎಂಬುದೆಲ್ಲ ಸೇರಿ ಟೆಂಡರ್ ನಿಲ್ಲುತ್ತದೆ. ನೀವು ತಳಿ ಕೇಳಿದ್ದೀರಿ, ಬಣ್ಣ ಮತ್ತು ತೇವ ಅಳೆದಿಲ್ಲ. ಉಳಿದಿರುವ 400–500 ರೂಪಾಯಿ ಅಂತರ ಗುಣಮಟ್ಟದ್ದೇ ಆಗಿರುವ ಸಾಧ್ಯತೆಯನ್ನು ನಿಮ್ಮ ಡೇಟಾ ಅಲ್ಲಗಳೆಯಲಾರದು. ಒಂದೇ ಹಂಗಾಮು ಎಂಬುದೂ ಸಣ್ಣ ವಿಷಯವಲ್ಲ. ನೀವು ಕೇಳಿದ ವರ್ಷ ತಡವಾಗಿ ಮಾರಿದವರಿಗೆ ದರ ಏರಿ ಸಿಕ್ಕಿದೆ. ದರ ಬಿದ್ದ ವರ್ಷ ಕೇಳಿದ್ದರೆ ಇದೇ ಟೇಬಲ್ ತಲೆಕೆಳಗಾಗಿ ಬರುತ್ತಿತ್ತೇನೋ.

ಇಷ್ಟನ್ನೆಲ್ಲ ಇಟ್ಟುಕೊಂಡು ಮುಖ್ಯ ತೀರ್ಮಾನವನ್ನು ನಾನಾದರೆ ಹೀಗೆ ಬರೆಯುತ್ತೇನೆ:

‘ಬ್ಯಾಡಗಿ ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ಅಧ್ಯಯನಕ್ಕೆ ಒಳಪಟ್ಟ ಹಂಗಾಮಿನಲ್ಲಿ ಎರಡು ರೈತ ಉತ್ಪಾದಕ ಕಂಪನಿಗಳ ಸದಸ್ಯರು ಸದಸ್ಯರಲ್ಲದವರಿಗಿಂತ ಕ್ವಿಂಟಲ್‌ಗೆ ಸರಾಸರಿ 2,045 ರೂ. ಹೆಚ್ಚು ದರ ಪಡೆದರು. ಮಾಲನ್ನು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ಮಾರಿದವರನ್ನೂ ಕೂಡಲೇ ಮಾರಿದವರನ್ನೂ ಪ್ರತ್ಯೇಕವಾಗಿ ಹೋಲಿಸಿದಾಗ ಈ ಅಂತರ 400–500 ರೂ.ಗೆ ಇಳಿಯಿತು. ಮಾಲು ಇಟ್ಟು ಮಾರಿದ 42 ಸದಸ್ಯರಲ್ಲಿ 29 ಜನ ಸದಸ್ಯರಾಗುವ ಮೊದಲೇ ಈ ಪದ್ಧತಿ ಅನುಸರಿಸುತ್ತಿದ್ದರು. ಹೀಗಾಗಿ ದರದ ವ್ಯತ್ಯಾಸದ ಹೆಚ್ಚಿನ ಭಾಗವು ಮಾರಾಟದ ಸಮಯದೊಂದಿಗೆ ಸಂಬಂಧಿಸಿದೆ. ಸದಸ್ಯತ್ವದ ಪ್ರತ್ಯೇಕ ಪರಿಣಾಮವನ್ನು ಈ ಅಧ್ಯಯನದಿಂದ ನಿರ್ಧರಿಸಲು ಸಾಧ್ಯವಾಗಿಲ್ಲ.’

ಇದರಲ್ಲಿ ‘ಬಹುದು’ ಒಂದೂ ಇಲ್ಲ. ಎಲ್ಲಿ, ಯಾವಾಗ, ಯಾರಿಗೆ, ಎಷ್ಟು ಎಂಬುದು ವಾಕ್ಯದೊಳಗೇ ಇದೆ. ಕ್ರಿಯಾಪದ ‘ಪಡೆದರು’ ಎಂದಿದೆ, ‘ಪಡೆಯುತ್ತಾರೆ’ ಎಂದಿಲ್ಲ. ಹೀಗೆ ಬರೆದರೆ ವೈವಾದಲ್ಲಿ ಯಾರೂ ಅಲುಗಾಡಿಸಲು ಬರುವುದಿಲ್ಲ. ಮೊದಲಿನ ಕರಡಿಗಿಂತ ಇದು ತೆಳ್ಳಗಂತೂ ಇಲ್ಲ, ಮಾರಾಟದ ಸಮಯ ಎಂಬ ಹೊಸ ವಿಷಯ ಒಂದು ಇದರಲ್ಲಿ ಬಂದಿದೆ.

ಈ ಹೊಸ ಲೆಕ್ಕವನ್ನು ಎಲ್ಲಿ ಇಡುವುದು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಉಪಸಂಹಾರದಲ್ಲಿ ಹೊಸ ಅಂಕಿ ಹುಟ್ಟಬಾರದು. ನಾಲ್ಕು ಗುಂಪುಗಳ ದರದ ಟೇಬಲ್ ಮತ್ತು ವರ್ಷಗಳ ಹೋಲಿಕೆ ನಾಲ್ಕನೇ ಅಧ್ಯಾಯಕ್ಕೆ ಹೋಗಬೇಕು, ಅಲ್ಲೇ ಒಂದು ಪುಟದ ವಿವರಣೆ ಬರಬೇಕು. ಈ ವಿಶ್ಲೇಷಣೆ ಸಿನಾಪ್ಸಿಸ್‌ನಲ್ಲಿ ಇರಲಿಲ್ಲ, ಫಲಿತಾಂಶ ನೋಡಿದ ಮೇಲೆ ಮಾಡಿದ್ದು ಎಂದು ಒಂದು ಸಾಲು ಬರೆದುಬಿಡಿ. ಟೈಮ್ ಇದ್ದರೆ ದರದ ಮೇಲೆ ಸದಸ್ಯತ್ವ, ಮಾಲು ಇಟ್ಟದ್ದು, ತಳಿ, ಜಮೀನಿನ ಎಕರೆ ಈ ನಾಲ್ಕನ್ನು ಹಾಕಿ ಒಂದು ರಿಗ್ರೆಶನ್ ಮಾಡಿ. 120 ಜನರ ಡೇಟಾ ಅಷ್ಟನ್ನು ತಾಳಿಕೊಳ್ಳುತ್ತದೆ, ವೇರಿಯಬಲ್ ತುಂಬುತ್ತಾ ಹೋದರೆ ತಾಳುವುದಿಲ್ಲ. ಸಲ್ಲಿಕೆ ಹತ್ತಿರವಾಗಿ ನಾಲ್ಕನೇ ಅಧ್ಯಾಯವನ್ನು ಮುಟ್ಟಲಾಗದ ಸ್ಥಿತಿಯಿದ್ದರೆ ಎರಡನೇ ದಾರಿ ಇದೆ: ಒಟ್ಟು ಅಂತರವನ್ನಷ್ಟೇ ಹೇಳಿ, ಮಾಲು ಇಡುವ ಪದ್ಧತಿ ಎರಡು ಗುಂಪುಗಳಲ್ಲಿ ಬೇರೆಯಿತ್ತು, ಅದರ ಪ್ರಭಾವವನ್ನು ಬೇರ್ಪಡಿಸಿಲ್ಲ ಎಂದು ಬರೆದು ನಿಲ್ಲಿಸುವುದು. ಇದು ಪ್ರಾಮಾಣಿಕ ದಾರಿ, ಆದರೆ ‘ಡೇಟಾ ಕೈಯಲ್ಲಿದ್ದೂ ಯಾಕೆ ಬೇರ್ಪಡಿಸಲಿಲ್ಲ’ ಎಂಬ ಪ್ರಶ್ನೆಗೆ ಸಿದ್ಧರಿರಬೇಕು. ಕರಡನ್ನು ಇದ್ದ ಹಾಗೇ ಕೊಟ್ಟು ವೈವಾದಲ್ಲಿ ಸಮರ್ಥಿಸಿಕೊಳ್ಳುತ್ತೇನೆ ಎನ್ನುವುದು ಮೂರನೆಯದು. ಅದನ್ನು ಮಾಡಬೇಡಿ. ನಿಮ್ಮದೇ ಟೇಬಲ್ ನಿಮ್ಮ ಎದುರು ಸಾಕ್ಷಿಯಾಗಿ ನಿಲ್ಲುತ್ತದೆ.

ಕರಡಿನಲ್ಲಿ ಇನ್ನೂ ಎರಡು ಕಡೆ ಅತಿರೇಕವಿದೆ. ಅವು ಮೇಲ್ನೋಟಕ್ಕೆ ಕಾಣುವುದಿಲ್ಲ.

ಒಂದು, ‘ಜಿಲ್ಲೆಯ ಶೇ 47.5ರಷ್ಟು ಬೆಳೆಗಾರರು ಕೋಲ್ಡ್ ಸ್ಟೋರೇಜ್ ಬಳಸುತ್ತಾರೆ’ ಎಂಬ ಸಾಲು. 120ರಲ್ಲಿ 57 ಜನ ಎಂಬ ಲೆಕ್ಕ ಸರಿಯೇ. ಆದರೆ ಸದಸ್ಯರನ್ನೂ ಉಳಿದವರನ್ನೂ ಅರ್ಧರ್ಧ ಆರಿಸಿಕೊಂಡವರು ನೀವು. ಊರಿನಲ್ಲಿ ಅವರು ಅರ್ಧರ್ಧ ಇಲ್ಲ. ನೀವು 90 ಸದಸ್ಯರು, 30 ಉಳಿದವರು ಎಂದು ಆರಿಸಿದ್ದರೆ ಇದೇ ಶೇಕಡಾ 58ರ ಮೇಲೆ ಹೋಗುತ್ತಿತ್ತು, ಊರು ಒಂದಿಷ್ಟೂ ಬದಲಾಗದೆ. ಹೋಲಿಕೆಗಾಗಿ ಕಟ್ಟಿದ ಸ್ಯಾಂಪಲ್‌ನಿಂದ ಒಟ್ಟು ಶೇಕಡಾ ತೆಗೆಯಲು ಬರುವುದಿಲ್ಲ. ‘ಮಾತಾಡಿಸಿದ ಸದಸ್ಯರಲ್ಲಿ ಶೇ 70, ಸದಸ್ಯರಲ್ಲದವರಲ್ಲಿ ಶೇ 25’ ಎಂದು ಬೇರೆ ಬೇರೆ ಹೇಳಿ, ಒಟ್ಟು ಸಂಖ್ಯೆಯನ್ನು ಬಿಟ್ಟುಬಿಡಿ. ಕಂಪನಿಗಳನ್ನೂ ಊರುಗಳನ್ನೂ ನೀವೇ ಆರಿಸಿಕೊಂಡದ್ದರಿಂದ ‘ಜಿಲ್ಲೆಯ’ ಎಂಬುದೂ ಹೋಗಬೇಕು. ನೋಂದಾಯಿತ ಶೀರ್ಷಿಕೆಯಲ್ಲಿ ಹಾವೇರಿ ಜಿಲ್ಲೆ ಎಂದಿದ್ದರೆ ಅದು ಇರಲಿ, ಈಗ ಬದಲಿಸಲು ಹೋದರೆ ಕಾಗದಪತ್ರದ ಓಡಾಟವೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಐದನೇ ಅಧ್ಯಾಯದ ಮೊದಲ ಪ್ಯಾರಾದಲ್ಲೇ ವ್ಯಾಪ್ತಿಯನ್ನು ಬಿಡಿಸಿ ಹೇಳಿದರೆ ಸಾಕು.

ಎರಡು, ಗ್ರೇಡಿಂಗ್ ತರಬೇತಿಯ ಸಾಲು. ತರಬೇತಿ ಪಡೆದವರು 14 ಜನ. ಅವರಿಗೆ ಸಿಕ್ಕ ದರ ಉಳಿದವರಿಗಿಂತ 350 ರೂಪಾಯಿ ಹೆಚ್ಚು, ಪಿ-ವ್ಯಾಲ್ಯೂ 0.42. ನೀವು ‘ತರಬೇತಿಯಿಂದ ಪ್ರಯೋಜನವಿಲ್ಲ’ ಎಂದು ಬರೆದಿದ್ದೀರಿ. ನಿಮ್ಮದೇ ಔಟ್‌ಪುಟ್‌ನಲ್ಲಿ ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್ −500ರಿಂದ +1,200ರವರೆಗೆ ಇದೆ. ಅಂದರೆ 1,200 ರೂಪಾಯಿಯಷ್ಟು ದೊಡ್ಡ ಲಾಭ ಇದ್ದರೂ, 500 ರೂಪಾಯಿ ನಷ್ಟ ಇದ್ದರೂ ಈ 14 ಜನರ ಡೇಟಾ ಅದಕ್ಕೆ ಹೊಂದಿಕೊಳ್ಳುತ್ತದೆ. ಇಲ್ಲಿ ಹೇಳಬಹುದಾದದ್ದು ಒಂದೇ: ವ್ಯತ್ಯಾಸ ಇದೆಯೋ ಇಲ್ಲವೋ ತೀರ್ಮಾನಿಸಲು ತರಬೇತಿ ಪಡೆದವರ ಸಂಖ್ಯೆ ಸಾಲಲಿಲ್ಲ. ಯಾರಾದರೂ ಅಧಿಕಾರಿ ನಿಮ್ಮ ಮೊದಲಿನ ಸಾಲನ್ನು ಓದಿ ತರಬೇತಿಯನ್ನೇ ನಿಲ್ಲಿಸಿದರೆ ಅದರ ಪೆಟ್ಟು ಬೀಳುವುದು ರೈತರಿಗೆ. ಆ ಕಾರಣಕ್ಕೇ ಈ ತಪ್ಪನ್ನು ನಾನು ಮೊದಲಿನದಕ್ಕಿಂತಲೂ ಗಂಭೀರವಾಗಿ ನೋಡುತ್ತೇನೆ.

ಈಗ ಶಿಫಾರಸು. ಶಿಫಾರಸುಗಳು ಹತ್ತಕ್ಕಿಂತ ಹೆಚ್ಚಿರಬೇಕು, ಸರ್ಕಾರಕ್ಕೇ ಹೇಳಿರಬೇಕು ಎಂಬ ನಂಬಿಕೆ ನಮ್ಮ ಕಡೆಯ ವಿಭಾಗಗಳಲ್ಲಿ ಗಟ್ಟಿಯಾಗಿ ಕೂತಿದೆ. ಹಳೆಯ ಪ್ರಬಂಧಗಳನ್ನು ಮುಂದಿಟ್ಟುಕೊಂಡು ಬರೆಯುವುದರಿಂದ ಅದು ಒಬ್ಬರಿಂದ ಒಬ್ಬರಿಗೆ ಸಾಗುತ್ತಾ ಬಂದಿದೆ. ನಿಮ್ಮ 14ರಲ್ಲಿ ಎಷ್ಟಕ್ಕೆ ಟೇಬಲ್‌ನ ಆಧಾರವಿದೆ ಎಂದು ನೋಡಿದೆ, ಮೂರಕ್ಕೆ ಇದೆ. ಉಳಿದವು ಪತ್ರಿಕೆಯ ಸಂಪಾದಕೀಯದಲ್ಲಿ ಬರುವಂಥ ಮಾತುಗಳು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿದೆ, ಅದರ ಹೆಸರಲ್ಲಿ ರಫ್ತು ಬೆಳೆಸಬೇಕು ಎಂದಿದ್ದೀರಿ. ರಫ್ತಿನ ಬಗ್ಗೆ ಒಂದು ಪ್ರಶ್ನೆಯನ್ನೂ ನೀವು ಕೇಳಿಲ್ಲ. ಬೆಂಬಲ ಬೆಲೆ ಘೋಷಿಸಬೇಕು ಎಂದಿದ್ದೀರಿ. ಕೇಂದ್ರದ ಬೆಂಬಲ ಬೆಲೆಯ 22 ಬೆಳೆಗಳ ಪಟ್ಟಿಯಲ್ಲಿ ಮೆಣಸಿನಕಾಯಿ ಇಲ್ಲ, ಅದನ್ನು ಸೇರಿಸಬೇಕೇ ಎಂಬುದು ಬೇರೆಯದೇ ಅಧ್ಯಯನದ ವಿಷಯ. ಇವು ಒಳ್ಳೆಯ ಮಾತುಗಳೇ ಇರಬಹುದು, ನಿಮ್ಮ ಪ್ರಬಂಧದ ಮಾತುಗಳಲ್ಲ.

‘ಹೋಬಳಿಗೊಂದು ಕೋಲ್ಡ್ ಸ್ಟೋರೇಜ್ ಕಟ್ಟಬೇಕು’ ಎಂಬುದನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಅದು ಫಲಿತಾಂಶದಿಂದಲೇ ಬಂದ ಹಾಗೆ ಕಾಣುತ್ತದೆ. ಇಟ್ಟು ಮಾರಿದವರಿಗೆ ಹೆಚ್ಚು ದರ ಸಿಕ್ಕಿತು, ಆದ್ದರಿಂದ ಇಡಲು ಜಾಗ ಹೆಚ್ಚಿಸಬೇಕು ಎಂಬುದು ನಿಮ್ಮ ತರ್ಕ. ನಡುವೆ ಒಂದು ಮೆಟ್ಟಿಲು ತಪ್ಪಿದೆ: ಇಡದವರು ಯಾಕೆ ಇಡಲಿಲ್ಲ? ಅದಕ್ಕೂ ನಿಮ್ಮಲ್ಲಿ ಟೇಬಲ್ ಇದೆ. ಕೂಡಲೇ ಮಾರಿದ 63 ಜನರಲ್ಲಿ 38 ಜನ, ದಲಾಲರ ಅಂಗಡಿಯ ಮುಂಗಡ ತೀರಿಸಬೇಕಿತ್ತು ಅಥವಾ ತುರ್ತಾಗಿ ದುಡ್ಡು ಬೇಕಿತ್ತು ಎಂದಿದ್ದಾರೆ. 16 ಜನ ಮಾಲು ಕಡಿಮೆ ಇತ್ತು ಎಂದಿದ್ದಾರೆ. ಜಾಗ ಸಿಗಲಿಲ್ಲ, ದೂರವಾಯಿತು ಎಂಬುದು ಸೇರಿದಂತೆ ಉಳಿದ ಎಲ್ಲ ಕಾರಣ ಹೇಳಿದವರು 9 ಜನ. ಹೊಸ ಕಟ್ಟಡ ಎದ್ದರೂ ಆ 38 ಜನ ಮಾಲನ್ನು ಅಲ್ಲಿಗೆ ತರುವುದಿಲ್ಲ, ಅವರಿಗೆ ಅಡ್ಡಿಯಾದದ್ದು ಕೈಯಲ್ಲಿ ಕಾಸಿಲ್ಲದ್ದು. ಡೇಟಾ ತೋರಿಸುವ ದಿಕ್ಕು ದಾಸ್ತಾನಿನ ಮೇಲೆ ಅಡಮಾನ ಸಾಲದ ಕಡೆಗೆ, ಅಂದರೆ ಇಟ್ಟ ಮಾಲಿನ ರಸೀದಿ ತೋರಿಸಿ ಸಾಲ ಪಡೆದು ತುರ್ತು ನೀಗಿಸಿಕೊಂಡು ಆಮೇಲೆ ಮಾರುವ ವ್ಯವಸ್ಥೆಯ ಕಡೆಗೆ. ಅಂಥ ಸಾಲ ಇದೆ ಎಂಬುದು ರೈತರಿಗೆ ಗೊತ್ತಿತ್ತೇ ಎಂದು ನೀವು ಕೇಳಿಲ್ಲ. ಹಾಗಾಗಿ ಶಿಫಾರಸು ಇಷ್ಟಕ್ಕೇ ನಿಲ್ಲಬೇಕು:

‘ಕೂಡಲೇ ಮಾರಿದ 63 ರೈತರಲ್ಲಿ 38 ಜನ ಮುಂಗಡ ಅಥವಾ ತುರ್ತು ನಗದಿನ ಅಗತ್ಯವನ್ನು ಕಾರಣವಾಗಿ ತಿಳಿಸಿದ್ದಾರೆ. ಆದ್ದರಿಂದ ಅಧ್ಯಯನಕ್ಕೆ ಒಳಪಟ್ಟ ಎರಡು ಕಂಪನಿಗಳು ಕೊಯ್ಲಿಗೆ ಮುನ್ನ ತಮ್ಮ ಸದಸ್ಯರಲ್ಲಿ ದಾಸ್ತಾನು ರಸೀದಿಯ ಮೇಲಿನ ಸಾಲದ ಬಗ್ಗೆ ಇರುವ ತಿಳಿವಳಿಕೆ ಮತ್ತು ಅಡೆತಡೆಗಳನ್ನು ವಿಚಾರಿಸಿ, ಆಸಕ್ತರಿಗೆ ಬ್ಯಾಂಕ್ ಅರ್ಜಿಯಲ್ಲಿ ನೆರವಾಗುವುದು ಸೂಕ್ತ. ದಾಸ್ತಾನಿನ ಬಾಡಿಗೆ ಮತ್ತು ಬಡ್ಡಿ ಕಳೆದು ಉಳಿಯುವ ಲಾಭವನ್ನು ಈ ಅಧ್ಯಯನ ಅಳೆದಿಲ್ಲವಾದ್ದರಿಂದ, ಎಲ್ಲರೂ ಮಾಲು ಇಟ್ಟು ಮಾರಬೇಕು ಎಂಬ ಸಲಹೆಯನ್ನು ಇಲ್ಲಿ ನೀಡಿಲ್ಲ.’

ಇದು ಸರ್ಕಾರಕ್ಕೆ ಹೇಳಿದ್ದಲ್ಲ, ನಿಜವಾಗಿ ಮಾಡಬಲ್ಲ ಎರಡು ಕಂಪನಿಗಳಿಗೆ ಹೇಳಿದ್ದು. ಖರ್ಚು ಹೆಚ್ಚಿಲ್ಲ, ತಪ್ಪಿದರೂ ಯಾರಿಗೂ ಹಾನಿಯಿಲ್ಲ. ಆಧಾರ ತೆಳುವಾಗಿದ್ದಷ್ಟೂ ಶಿಫಾರಸು ಸಣ್ಣದಾಗಿರಬೇಕು, ತಿರುಗಿಸಿಕೊಳ್ಳಲು ಬರುವಂತಿರಬೇಕು ಎಂಬ ಅಳತೆಯನ್ನು ನಾನು ಎಲ್ಲ ಕಡೆ ಇಟ್ಟುಕೊಳ್ಳುತ್ತೇನೆ. ಕಟ್ಟಡ ಕಟ್ಟಿಸುವ ಸಲಹೆಗೆ 120 ಜನರ ಒಂದು ಹಂಗಾಮಿನ ಉತ್ತರ ಸಾಲದು, ವಿಚಾರಿಸಿ ನೆರವಾಗಿ ಎನ್ನುವ ಸಲಹೆಗೆ ಸಾಕು.

ಬರೆಯಲು ಕೂಡುವ ಮೊದಲು ಒಂದು ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಐದು ಕಾಲಂ ಎಳೆಯಿರಿ: ಉದ್ದೇಶ, ಟೇಬಲ್ ನಂಬರ್, ಅಂಕಿಯೊಂದಿಗೆ ಒಂದು ವಾಕ್ಯದ ಫಲಿತಾಂಶ, ಅದು ಯಾರಿಗೆ ಅನ್ವಯ, ಯಾರು ಏನು ಮಾಡಬೇಕು. ಎಡದಿಂದ ಬಲಕ್ಕೆ ತುಂಬುತ್ತಾ ಹೋಗಿ. ಕೊನೆಯ ಕಾಲಂ ಖಾಲಿ ಉಳಿದರೆ ಚಿಂತೆಯಿಲ್ಲ, ಎಲ್ಲ ಫಲಿತಾಂಶಕ್ಕೂ ಶಿಫಾರಸು ಹುಟ್ಟಬೇಕೆಂದಿಲ್ಲ. ಆದರೆ ಕೊನೆಯ ಕಾಲಂ ತುಂಬಿ ಎರಡನೆಯದು ಖಾಲಿ ಇದ್ದರೆ ಆ ಸಾಲನ್ನು ಹೊಡೆದುಹಾಕಿ. ಹೊಡೆದುಹಾಕಿದ ಹನ್ನೊಂದರಲ್ಲಿ ಒಂದೆರಡನ್ನು ‘ಮುಂದಿನ ಅಧ್ಯಯನಕ್ಕೆ’ ಎಂಬ ಭಾಗದಲ್ಲಿ ಉಳಿಸಿಕೊಳ್ಳಲು ಬರುತ್ತದೆ, ಆದರೆ ‘ಈ ಬಗ್ಗೆ ಇನ್ನಷ್ಟು ಸಂಶೋಧನೆ ಆಗಬೇಕು’ ಎಂದು ಬರೆದು ಬಿಡಬೇಡಿ. ಅದೇ ರೈತರನ್ನು ಎರಡು ಮೂರು ಹಂಗಾಮು ಬೆನ್ನುಹತ್ತಿ, ಬಾಡಿಗೆ ಮತ್ತು ಬಡ್ಡಿ ಸೇರಿಸಿ ನಿವ್ವಳ ಲಾಭ ಅಳೆಯಬೇಕು ಎಂದು ಬರೆದರೆ ಮುಂದೆ ಬರುವ ವಿದ್ಯಾರ್ಥಿಗೆ ಕೈಹಿಡಿಯಲು ಏನಾದರೂ ಸಿಗುತ್ತದೆ.

ಗೈಡ್ ಅಥವಾ ವಿಭಾಗದವರು ‘ಮೂರೇ ಶಿಫಾರಸಾ’ ಎಂದು ಕೇಳಿದರೆ ಈ ಹಾಳೆಯನ್ನೇ ತೋರಿಸಿ. ನಿಮ್ಮ ಗೈಡ್ ಕರಡನ್ನು ವಾಪಸ್ ಕೊಟ್ಟ ರೀತಿ ನೋಡಿದರೆ ಅವರಿಂದ ಆ ಪ್ರಶ್ನೆ ಬರುವುದು ಅನುಮಾನ.

ಐದನೇ ಅಧ್ಯಾಯ ತಿದ್ದಿದ ಮೇಲೆ ಪ್ರಬಂಧದ ಆರಂಭದಲ್ಲಿರುವ ಸಾರಾಂಶವನ್ನೂ ಕನ್ನಡ–ಇಂಗ್ಲಿಷ್ ಎರಡರಲ್ಲೂ ತೆರೆದು ನೋಡಿ. ನೀವು ಕಳಿಸಿದ ಫೈಲ್‌ನಲ್ಲಿ ಅದರ ಕೊನೆಯ ಪ್ಯಾರಾ ಹಳೆಯ ಕರಡಿನದೇ ಇದೆ, ‘ಆದಾಯ ಹೆಚ್ಚುತ್ತದೆ’ ಎಂಬ ಸಾಲು ಅಲ್ಲೇ ಕೂತಿದೆ. ಪರೀಕ್ಷಕರು ಮೊದಲು ಓದುವ ಪುಟ ಅದು.